ಕೋಶೀಯ ಘನವಸ್ತುಗಳು

ಕೋಶೀಯ ಘನವಸ್ತುಗಳು ಎಂದರೆ ತೆಳುವಾದ ಕಡ್ಡಿಗಳು ಅಥವಾ ಗೋಡೆಗಳು ಒಂದಕ್ಕೊಂದು ಹೆಣೆದುಕೊಂಡು, ನಡುನಡುವೆ ಖಾಲಿ ಕೋಶಗಳನ್ನು ಬಿಟ್ಟು ಉಂಟಾದ ಘನ ಪದಾರ್ಥಗಳು. ಮರ, ಬೆಂಡು, ಸ್ಪಂಜು, ಮೂಳೆಯ ತುದಿಯ ಒಳಭಾಗ ಮತ್ತು ಜೇನುಗೂಡು ಇವುಗಳ ನಿಸರ್ಗಸಹಜ ಉದಾಹರಣೆಗಳು. ಬ್ರೆಡ್ಡು, ಹಾಸಿಗೆಯ ಫೋಮ್, ಥರ್ಮಾಕೋಲ್, ಅಲ್ಯೂಮಿನಿಯಂ ನೊರೆ ಮತ್ತು ವಿಮಾನದ ಫಲಕಗಳೊಳಗಿನ ಜೇನುಗೂಡು ಹಾಳೆ ಮಾನವ ನಿರ್ಮಿತ ಉದಾಹರಣೆಗಳು. ಕೋಶಗಳು ಒಂದೇ ಸಮತಲದಲ್ಲಿ ಷಟ್ಕೋನಗಳಾಗಿ ಜೋಡಣೆಗೊಂಡು, ಮೂರನೆಯ ದಿಕ್ಕಿನಲ್ಲಿ ಕೊಳವೆಯಂತೆ ನೀಳವಾಗಿದ್ದರೆ ಅದನ್ನು ಜೇನುಗೂಡು ರಚನೆ ಎನ್ನುತ್ತಾರೆ. ಕೋಶಗಳು ಮೂರು ದಿಕ್ಕಿನಲ್ಲೂ ಹರಡಿದ ಬಹುಮುಖಿಗಳಾಗಿದ್ದರೆ ಅದು ಘನ ನೊರೆ. ಘನ ನೊರೆಯಲ್ಲಿ ಅಂಚಿನ ಕಡ್ಡಿಗಳು ಮಾತ್ರ ಇದ್ದರೆ ಅದು ತೆರೆದ ಕೋಶದ ನೊರೆ; ಪ್ರತಿ ಕೋಶವನ್ನೂ ಪೊರೆಯೊಂದು ಮುಚ್ಚಿದ್ದರೆ ಅದು ಮುಚ್ಚಿದ ಕೋಶದ ನೊರೆ.

1665ರಲ್ಲಿ ಪ್ರಕಟವಾದ 'ಮೈಕ್ರೋಗ್ರಾಫಿಯಾ' ಗ್ರಂಥದಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಅದರ ಕೋಣೆಗಳನ್ನು ವರ್ಣಿಸಿದನು. ಜೀವಶಾಸ್ತ್ರದ 'ಕೋಶ' ಎಂಬ ಪರಿಕಲ್ಪನೆಗೂ ಈ ವಸ್ತುಗಳ ಹೆಸರಿಗೂ ಮೂಲ ಒಂದೇ. ಇವುಗಳ ಯಾಂತ್ರಿಕ ಗುಣಗಳನ್ನು ಒಂದೇ ಸೂತ್ರಕ್ಕೆ ತಂದ ಪ್ರಮುಖ ಗ್ರಂಥವನ್ನು ಲೋರ್ನಾ ಗಿಬ್ಸನ್ ಮತ್ತು ಮೈಕೇಲ್ ಆಶ್ಬಿ 1988ರಲ್ಲಿ ಪ್ರಕಟಿಸಿದರು. ಸಾಂದ್ರತೆ ಬದಲಾದಂತೆ ಪೆಡಸುತನವೂ ಆಘಾತವನ್ನು ನುಂಗುವ ಸಾಮರ್ಥ್ಯವೂ ಯಾವ ನಿಯಮದಂತೆ ಬದಲಾಗುತ್ತವೆ ಎಂಬುದನ್ನು ಈ ಲೇಖನವು ವಿವರಿಸುತ್ತದೆ. ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್ಟಿನ ಒಳಗಿರುವ ಬಿಳಿಯ ನೊರೆಯನ್ನು ಇಲ್ಲಿ ಮುಖ್ಯ ಉದಾಹರಣೆಯಾಗಿ ಬಳಸಲಾಗಿದೆ.

## ಸಾಪೇಕ್ಷ ಸಾಂದ್ರತೆ

ಕೋಶೀಯ ವಸ್ತುವಿನ ಸಾಂದ್ರತೆಯನ್ನು ಅದರ ಗೋಡೆಯ ಪದಾರ್ಥದ ಸಾಂದ್ರತೆಯಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ಸಾಪೇಕ್ಷ ಸಾಂದ್ರತೆ ಎಂದು ಹೆಸರು. ಶಾಲಾ ಪಠ್ಯಗಳಲ್ಲಿ ಇದೇ ಪದವು ನೀರಿಗೆ ಹೋಲಿಸಿದ ಸಾಂದ್ರತೆಯನ್ನು ಸೂಚಿಸುತ್ತದೆ. ಇಲ್ಲಿ ಹೋಲಿಕೆಯು ನೀರಿನೊಂದಿಗಲ್ಲ, ಗೋಡೆಯ ಪದಾರ್ಥದೊಂದಿಗೆ ಎಂಬುದನ್ನು ಗಮನಿಸಬೇಕು. ಈ ಲೇಖನದಲ್ಲಿ ಇದನ್ನು r ಎಂದು ಸೂಚಿಸಲಾಗಿದೆ.

ಥರ್ಮಾಕೋಲಿನ ಪದಾರ್ಥ ಪಾಲಿಸ್ಟೈರೀನ್. ಗಟ್ಟಿ ಪಾಲಿಸ್ಟೈರೀನಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1050 ಕಿಲೋಗ್ರಾಂ. ಘನ ಮೀಟರಿಗೆ 20 ಕಿಲೋಗ್ರಾಂ ತೂಗುವ ಥರ್ಮಾಕೋಲ್ ಹಾಳೆಯ r = 20/1050, ಅಂದರೆ ಸುಮಾರು 0.02. ಆ ಹಾಳೆಯ ನೂರರಲ್ಲಿ 98 ಪಾಲು ಗಾಳಿ. ಉಳಿದ ಎರಡು ಪಾಲು ಮಾತ್ರ ಪ್ಲಾಸ್ಟಿಕ್ಕು. r ಬೆಲೆಯು ಸುಮಾರು 0.3ನ್ನು ಮೀರಿದರೆ ಗೋಡೆಗಳು ದಪ್ಪನಾಗಿ, ವಸ್ತುವು ಕೋಶಗಳ ಹೆಣಿಗೆಯಾಗಿ ಉಳಿಯದೆ ಅಲ್ಲಲ್ಲಿ ರಂಧ್ರಗಳಿರುವ ಸಾಮಾನ್ಯ ಘನವಸ್ತುವಿನಂತೆ ವರ್ತಿಸುತ್ತದೆ. ಮುಂದೆ ಹೇಳುವ ನಿಯಮಗಳು ಆ ಮಿತಿಯ ಕೆಳಗೆ ಮಾತ್ರ ಅನ್ವಯಿಸುತ್ತವೆ.

## ಪೆಡಸುತನವು ಸಾಂದ್ರತೆಯ ವರ್ಗವನ್ನು ಅನುಸರಿಸುವುದೇಕೆ?

ವಸ್ತುವಿನ ಒಂದು ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲಕ್ಕೆ ಪೀಡನ ಎಂದೂ, ಅದರಿಂದ ಉಂಟಾಗುವ ಉದ್ದದ ಬದಲಾವಣೆಗೂ ಮೂಲ ಉದ್ದಕ್ಕೂ ಇರುವ ಅನುಪಾತಕ್ಕೆ ವಿಕೃತಿ ಎಂದೂ ಹೆಸರು. ಪೀಡನವನ್ನು ವಿಕೃತಿಯಿಂದ ಭಾಗಿಸಿದರೆ ಯಂಗ್ ಗುಣಾಂಕ ದೊರೆಯುತ್ತದೆ. ಇದೇ ಪೆಡಸುತನದ ಅಳತೆ.

ನೊರೆಯಲ್ಲಿ ಪದಾರ್ಥವು ಅರ್ಧವಾದರೆ ಪೆಡಸುತನವೂ ಅರ್ಧವಾಗಬೇಕೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ವಾಸ್ತವದಲ್ಲಿ ಅದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಕಾರಣವೇನೆಂದರೆ, ನೊರೆಯನ್ನು ಅದುಮಿದಾಗ ಅದರ ಕಡ್ಡಿಗಳು ಉದ್ದಕ್ಕೆ ಕುಗ್ಗುವುದಿಲ್ಲ. ಅವು ಅಡ್ಡಲಾಗಿ ಬಾಗುತ್ತವೆ. ಒಂದು ಊದುಬತ್ತಿಯ ಕಡ್ಡಿಯನ್ನು ಉದ್ದಕ್ಕೆ ಎಳೆದು ಹಿಗ್ಗಿಸುವುದು ಕೈಯಿಂದ ಸಾಧ್ಯವಿಲ್ಲ, ಆದರೆ ಅದನ್ನು ಬಾಗಿಸಲು ಬೆರಳುಗಳೇ ಸಾಕು. ನೊರೆಯ ಮೆದುತನದ ಗುಟ್ಟೂ ಇದೇ ಆಗಿದೆ.

ತೆರೆದ ಕೋಶದ ನೊರೆಯಲ್ಲಿ ಕಡ್ಡಿಯ ಉದ್ದ l, ದಪ್ಪ t ಎಂದಿಟ್ಟುಕೊಳ್ಳೋಣ. ಲೆಕ್ಕವು ಹೀಗೆ ಸಾಗುತ್ತದೆ:

1. ಒಂದು ಕಡ್ಡಿಯ ಗಾತ್ರವು t²l ಅನ್ನೂ, ಕೋಶದ ಗಾತ್ರವು l³ ಅನ್ನೂ ಅನುಸರಿಸುತ್ತದೆ. ಆದ್ದರಿಂದ r ∝ (t/l)².
2. ಕಡ್ಡಿಯ ನಡುವೆ F ಬಲ ಬಿದ್ದಾಗ ಅದು ಬಾಗುವ ಪ್ರಮಾಣವು, ತೊಲೆಗಳ ಸಾಮಾನ್ಯ ನಿಯಮದಂತೆ, Fl³/(Es t⁴) ಅನ್ನು ಅನುಸರಿಸುತ್ತದೆ. ಇಲ್ಲಿ Es ಎಂಬುದು ಗೋಡೆಯ ಪದಾರ್ಥದ ಯಂಗ್ ಗುಣಾಂಕ.
3. ಪೀಡನವು F/l² ಅನ್ನು ಅನುಸರಿಸುತ್ತದೆ. ವಿಕೃತಿಯು ಬಾಗಿದ ಪ್ರಮಾಣವನ್ನು l ನಿಂದ ಭಾಗಿಸಿದಷ್ಟು.
4. ಪೀಡನವನ್ನು ವಿಕೃತಿಯಿಂದ ಭಾಗಿಸಿದಾಗ ನೊರೆಯ ಗುಣಾಂಕ E ∝ Es (t/l)⁴ ಎಂದು ದೊರೆಯುತ್ತದೆ. (t/l)² ಎಂಬುದೇ r ಆದ್ದರಿಂದ,

E/Es ≈ r²

ಈ ಸೂತ್ರದಲ್ಲಿ ಬರಬೇಕಾದ ಸ್ಥಿರಾಂಕವು ಪ್ರಯೋಗಗಳಲ್ಲಿ ಸುಮಾರು 1 ಎಂದು ಕಂಡುಬಂದಿದೆ. ಕೋಶದ ಅಳತೆ l ಅಂತಿಮ ಸೂತ್ರದಲ್ಲಿ ಉಳಿಯುವುದಿಲ್ಲ ಎಂಬುದು ಗಮನಾರ್ಹ. ಸಾಂದ್ರತೆ ಒಂದೇ ಆಗಿದ್ದರೆ, ಸಣ್ಣ ಕೋಶದ ನೊರೆಗೂ ದೊಡ್ಡ ಕೋಶದ ನೊರೆಗೂ ಪೆಡಸುತನದಲ್ಲಿ ವ್ಯತ್ಯಾಸ ಬಾರದು.

ಮುಚ್ಚಿದ ಕೋಶದ ನೊರೆಯಲ್ಲಿ ಕಡ್ಡಿಗಳು ಬಾಗುವಾಗ ಪೊರೆಗಳು ಹಿಗ್ಗಬೇಕಾಗುತ್ತದೆ. ಪೊರೆಯ ಹಿಗ್ಗುವಿಕೆಯ ಪಾಲು r² ಅನ್ನಲ್ಲ, ನೇರವಾಗಿ r ಅನ್ನು ಅನುಸರಿಸುತ್ತದೆ. ಆದ್ದರಿಂದ ಇಂತಹ ನೊರೆಯು ತೆರೆದ ಕೋಶದ ನೊರೆಗಿಂತ ಹೆಚ್ಚು ಪೆಡಸಾಗಿರಬೇಕು. ಆದರೆ ನೊರೆ ತಯಾರಾಗುವಾಗ ಪದಾರ್ಥದ ಬಹುಪಾಲು ಅಂಚುಗಳಿಗೆ ಸರಿದು ಪೊರೆಗಳು ತೀರ ತೆಳುವಾಗಿ ಉಳಿಯಬಹುದು. ಅಲ್ಯೂಮಿನಿಯಂ ನೊರೆಗಳಲ್ಲಿ ಪೊರೆಗಳು ಸುಕ್ಕುಗಟ್ಟಿ ಡೊಂಕಾಗಿರುವುದರಿಂದ, ಅಳೆದಾಗ ಸಿಗುವ ಪೆಡಸುತನವು ಲೆಕ್ಕಕ್ಕಿಂತ ಕಡಿಮೆಯಾಗಿರುತ್ತದೆ.

### ಮೆದುವಾದರೂ ಹಗುರ: ಒಂದು ಲೆಕ್ಕ

ಪೆಡಸುತನವು ಇಷ್ಟು ಬೇಗ ಕುಸಿಯುವುದಾದರೆ ಹಗುರ ಫಲಕಗಳಿಗೆ ನೊರೆಯನ್ನು ಬಳಸುವುದೇಕೆ? r = 0.1 ಇರುವ ನೊರೆಯ ಪೆಡಸುತನವು ಮೂಲ ಪದಾರ್ಥದ ನೂರರಲ್ಲೊಂದು ಪಾಲು. ಆದರೆ ಫಲಕವೊಂದು ಬಾಗದಂತೆ ತಡೆಯುವ ಶಕ್ತಿಯು ಅದರ ದಪ್ಪದ ಘನವನ್ನು ಅನುಸರಿಸುತ್ತದೆ. ಗಟ್ಟಿ ಫಲಕದಷ್ಟೇ ಬಾಗುವಿಕೆಯನ್ನು ತಡೆಯಲು ನೊರೆ ಫಲಕವು 100ರ ಘನಮೂಲದಷ್ಟು, ಅಂದರೆ ಸುಮಾರು 4.64 ಪಟ್ಟು ದಪ್ಪವಿದ್ದರೆ ಸಾಕು. ಅದರ ತೂಕ 0.1 × 4.64 = 0.464. ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಅದೇ ಬಿಗಿತ ದೊರೆಯಿತು. ತೆತ್ತ ಬೆಲೆ ದಪ್ಪ ಮಾತ್ರ. ಈ ಲಾಭವು ಬಾಗುವ ಫಲಕಗಳಿಗಷ್ಟೇ ಸಲ್ಲುತ್ತದೆ. ಎಳೆತವನ್ನು ಹೊರುವ ಸರಳಿಗೆ ನೊರೆಯಿಂದ ನಷ್ಟವೇ ಹೊರತು ಲಾಭವಿಲ್ಲ.

## ಜೇನುಗೂಡು: ದಿಕ್ಕಿಗೊಂದು ನಿಯಮ

ಜೇನುಗೂಡು ರಚನೆಯಲ್ಲಿ ಸಾಂದ್ರತೆಯ ಘಾತವು ಬಲ ಬೀಳುವ ದಿಕ್ಕನ್ನು ಅವಲಂಬಿಸುತ್ತದೆ. ಷಟ್ಕೋನಗಳು ಕಾಣುವ ಸಮತಲದಲ್ಲಿಯೇ, ಅಂದರೆ ಪಕ್ಕದಿಂದ ಅದುಮಿದರೆ ಗೋಡೆಗಳು ಬಾಗುತ್ತವೆ. ಆಗ ಪೆಡಸುತನವು r³ ಅನ್ನು ಅನುಸರಿಸುತ್ತದೆ. ಕೊಳವೆಗಳ ಉದ್ದಕ್ಕೆ ಅದುಮಿದರೆ ಗೋಡೆಗಳು ಕಂಬಗಳಂತೆ ನೇರವಾಗಿ ಭಾರ ಹೊರುತ್ತವೆ. ಆಗ ಪೆಡಸುತನವು r ಅನ್ನೇ ಅನುಸರಿಸುತ್ತದೆ.

ಗೋಡೆಯ ದಪ್ಪವು ಉದ್ದದ 20ರಲ್ಲೊಂದು ಪಾಲು ಇರುವ ಸಮಷಟ್ಕೋನ ಅಲ್ಯೂಮಿನಿಯಂ ಜೇನುಗೂಡನ್ನು ತೆಗೆದುಕೊಳ್ಳೋಣ. ಇದರ r = 1.155 × (1/20) = 0.058. ಅಲ್ಯೂಮಿನಿಯಮ್ಮಿನ ಯಂಗ್ ಗುಣಾಂಕ 70 ಗಿಗಾಪಾಸ್ಕಲ್. ಕೊಳವೆಯ ಉದ್ದಕ್ಕೆ ಪೆಡಸುತನವು 0.058 × 70, ಅಂದರೆ ಸುಮಾರು 4 ಗಿಗಾಪಾಸ್ಕಲ್. ಪಕ್ಕದಿಂದಾದರೆ ಸೂತ್ರವು 2.31 × (t/l)³. ಅದರಂತೆ ಸುಮಾರು 0.02 ಗಿಗಾಪಾಸ್ಕಲ್ ಮಾತ್ರ. ಒಂದೇ ತುಂಡು ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿನಲ್ಲಿ 200 ಪಟ್ಟು ಪೆಡಸು. ಈ ಕಾರಣದಿಂದಲೇ ಫಲಕಗಳಲ್ಲಿ ಜೇನುಗೂಡನ್ನು ಕೊಳವೆಗಳು ಫಲಕಕ್ಕೆ ಲಂಬವಾಗಿ ನಿಲ್ಲುವಂತೆ ಕೂರಿಸಿ, ಎರಡೂ ಬದಿಗೆ ಗಟ್ಟಿ ತಗಡನ್ನು ಅಂಟಿಸುತ್ತಾರೆ. ಮಾರುಕಟ್ಟೆಯ ಜೇನುಗೂಡು ಹಾಳೆಗಳಲ್ಲಿ ಅಂಟಿಸಿದ ಗೋಡೆಗಳು ಇಮ್ಮಡಿ ದಪ್ಪವಿರುವುದರಿಂದ ಅಂಕಿಗಳು ತುಸು ಬದಲಾಗುತ್ತವೆ, ಆದರೆ ದಿಕ್ಕಿನ ಭೇದ ಹಾಗೆಯೇ ಉಳಿಯುತ್ತದೆ. ಮರವು ಎಳೆಯ ಉದ್ದಕ್ಕೆ ಗಟ್ಟಿಯಾಗಿದ್ದು ಅಡ್ಡಲಾಗಿ ಮೆದುವಾಗಿರುವುದಕ್ಕೂ ಅದರ ಕೋಶಗಳು ನೀಳ ಕೊಳವೆಗಳಾಗಿರುವುದೇ ಒಂದು ಮುಖ್ಯ ಕಾರಣ.

ನೊರೆಯಲ್ಲಿಯೂ ಕಡ್ಡಿಗಳು ಬಾಗದೆ ಉದ್ದಕ್ಕೆ ಮಾತ್ರ ಭಾರ ಹೊರುವಂತೆ ಜೋಡಿಸಬಹುದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸಾಧ್ಯವಿದೆ. ಪ್ರತಿ ಗಂಟಿನಲ್ಲಿ 12 ಕಡ್ಡಿಗಳು ಕೂಡುವ, ತ್ರಿಕೋನಗಳಿಂದ ತುಂಬಿದ ಜಾಲರಿಯೊಂದರ ಗುಣಗಳನ್ನು ದೇಶಪಾಂಡೆ, ಫ್ಲೆಕ್ ಮತ್ತು ಆಶ್ಬಿ 2001ರಲ್ಲಿ ವಿವರಿಸಿದರು. ಅದರ ಪೆಡಸುತನವು r ಅನ್ನು ನೇರವಾಗಿ ಅನುಸರಿಸುತ್ತದೆ. ಸಾಮಾನ್ಯ ನೊರೆಯ ಗಂಟಿನಲ್ಲಿ ಮೂರು ನಾಲ್ಕು ಕಡ್ಡಿಗಳು ಮಾತ್ರ ಕೂಡುವುದರಿಂದ ಅವು ಬಾಗದೆ ಇರಲಾರವು.

## ಆಘಾತವನ್ನು ನುಂಗುವ ಬಗೆ

ನೊರೆಯ ತುಂಡೊಂದನ್ನು ಯಂತ್ರದಲ್ಲಿ ನಿಧಾನವಾಗಿ ಅದುಮುತ್ತ ಹೋದರೆ ಮೂರು ಹಂತಗಳು ಕಾಣುತ್ತವೆ. ಮೊದಲು ಕಡ್ಡಿಗಳು ಸ್ಥಿತಿಸ್ಥಾಪಕವಾಗಿ ಬಾಗುತ್ತವೆ. ಪೀಡನವು ನೇರ ರೇಖೆಯಲ್ಲಿ ಏರುತ್ತದೆ. ಬಳಿಕ ಒಂದು ಸಾಲಿನ ಕೋಶಗಳು ಕುಸಿಯುತ್ತವೆ, ಅನಂತರ ಮತ್ತೊಂದು ಸಾಲು. ಈ ಹಂತದಲ್ಲಿ ಪೀಡನವು ಹೆಚ್ಚು ಏರದೆ ಬಹುದೂರ ಸಮತಟ್ಟಾಗಿ ಸಾಗುತ್ತದೆ. ಕೊನೆಗೆ ಎದುರುಬದುರಿನ ಗೋಡೆಗಳು ಒಂದಕ್ಕೊಂದು ತಗುಲಿ, ಕುಸಿಯಲು ಜಾಗವಿಲ್ಲದೆ ಪೀಡನವು ಕಡಿದಾಗಿ ಮೇಲೇರುತ್ತದೆ. ಇದು ದಟ್ಟಣೆಯ ಹಂತ.

ಈ ರೇಖೆಯ ಅಡಿಯಲ್ಲಿರುವ ವಿಸ್ತೀರ್ಣವೇ ನೊರೆಯ ಏಕಮಾನ ಗಾತ್ರವು ನುಂಗುವ ಶಕ್ತಿ. ಸ್ಪ್ರಿಂಗಿನ ರೇಖೆಯು ತ್ರಿಕೋನವಾದರೆ ನೊರೆಯ ರೇಖೆಯು ಹೆಚ್ಚು ಕಡಿಮೆ ಆಯತ. ಗರಿಷ್ಠ ಬಲವೂ ಕುಗ್ಗುವ ದೂರವೂ ಒಂದೇ ಆಗಿದ್ದರೆ ಆಯತವು ತ್ರಿಕೋನದ ಎರಡರಷ್ಟು ಶಕ್ತಿಯನ್ನು ಹಿಡಿಯುತ್ತದೆ. ಇದಲ್ಲದೆ ಸ್ಪ್ರಿಂಗು ಪಡೆದ ಶಕ್ತಿಯನ್ನು ಹಿಂದಿರುಗಿಸಿ ವಸ್ತುವನ್ನು ಪುಟಿಸುತ್ತದೆ. ಗೋಡೆಗಳು ಮುದುಡಿಹೋಗುವ ನೊರೆಯು ಅದರ ಬಹುಪಾಲನ್ನು ಹಿಂದಿರುಗಿಸುವುದಿಲ್ಲ.

ಸಮತಟ್ಟು ಹಂತದ ಪೀಡನವು ಕಡ್ಡಿಯ ತುದಿಗಳು ಶಾಶ್ವತವಾಗಿ ಮಡಿಚಿಕೊಳ್ಳಲು ಬೇಕಾದ ಬಲದಿಂದ ನಿರ್ಧಾರವಾಗುತ್ತದೆ. ಕಡ್ಡಿಯನ್ನು ಹಾಗೆ ಮಡಿಸುವ ಶ್ರಮವು t³ ಅನ್ನು ಅನುಸರಿಸುವುದರಿಂದ ಸಮತಟ್ಟು ಪೀಡನವು (t/l)³, ಅಂದರೆ r^1.5 ಅನ್ನು ಅನುಸರಿಸುತ್ತದೆ. ಸಾಂದ್ರತೆ ಅರ್ಧವಾದರೆ ಈ ಪೀಡನವು ಸುಮಾರು 35 ಶೇಕಡಕ್ಕೆ ಇಳಿಯುತ್ತದೆ. ರಬ್ಬರಿನಂತಹ ಮೆದು ಪದಾರ್ಥದ ನೊರೆಯಲ್ಲಿ ಕಡ್ಡಿಗಳು ಶಾಶ್ವತವಾಗಿ ಮಡಿಯದೆ ಸೊಟ್ಟಗಾಗಿ ಮತ್ತೆ ನೆಟ್ಟಗಾಗುತ್ತವೆ. ಅಲ್ಲಿ ಘಾತವು 1.5ರ ಬದಲು 2 ಆಗಿರುತ್ತದೆ.

## ಹೆಲ್ಮೆಟ್ಟಿನ ನೊರೆ: ಒಂದು ಪೂರ್ಣ ಲೆಕ್ಕ

ಹೆಲ್ಮೆಟ್ಟಿನ ಹೊರಚಿಪ್ಪು ಬಲವನ್ನು ಹರಡುತ್ತದೆ ಮತ್ತು ಚೂಪಾದ ವಸ್ತುಗಳನ್ನು ತಡೆಯುತ್ತದೆ. ತಲೆಯ ವೇಗವನ್ನು ತಗ್ಗಿಸುವ ಕೆಲಸದ ಬಹುಪಾಲು ಒಳಗಿನ ಪಾಲಿಸ್ಟೈರೀನ್ ನೊರೆಯದು. 5 ಕಿಲೋಗ್ರಾಂ ತೂಕದ ತಲೆಯ ಮಾದರಿಯೊಂದು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಿತೆನ್ನೋಣ. ಇದು ಸುಮಾರು 2.5 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಅದರ ಚಲನಶಕ್ತಿ ½ × 5 × 7² = 122.5 ಜೂಲ್.

ನೊರೆಯು ಕುಗ್ಗಿ ಈ ತಲೆಯನ್ನು 25 ಮಿಲಿಮೀಟರ್ ದೂರದಲ್ಲಿ ನಿಲ್ಲಿಸಬೇಕೆಂದರೆ ಸರಾಸರಿ ಬಲವು 122.5/0.025 = 4900 ನ್ಯೂಟನ್. ತಲೆಯ ವೇಗ ಕುಂದುವ ದರವು 4900/5 = 980, ಅಂದರೆ ಗುರುತ್ವ ವೇಗೋತ್ಕರ್ಷದ 100 ಪಟ್ಟು. ನೊರೆಯಿಲ್ಲದೆ 2 ಮಿಲಿಮೀಟರಿನಲ್ಲಿ ನಿಂತಿದ್ದರೆ ಇದು 1250 ಪಟ್ಟು ಆಗುತ್ತಿತ್ತು. ತಲೆಯನ್ನು ಉಳಿಸುವುದು ನೊರೆಯ ಮೆದುತನವಲ್ಲ, ಅದು ಒದಗಿಸುವ ದೂರ.

ನೊರೆಗೆ ತಾಗುವ ಜಾಗ 70 ಚದರ ಸೆಂಟಿಮೀಟರ್ ಎಂದು ಹಿಡಿದರೆ ಬೇಕಾದ ಸಮತಟ್ಟು ಪೀಡನವು 4900/0.007, ಅಂದರೆ 0.7 ಮೆಗಾಪಾಸ್ಕಲ್. ಘನ ಮೀಟರಿಗೆ 30 ಕಿಲೋಗ್ರಾಂ ಸಾಂದ್ರತೆಯ ಇದೇ ಬಗೆಯ ನೊರೆಯ ಸಮತಟ್ಟು ಪೀಡನವು 0.2 ಮೆಗಾಪಾಸ್ಕಲ್ ಎಂದು ಇಟ್ಟುಕೊಳ್ಳೋಣ. ಪೀಡನವು 3.5 ಪಟ್ಟು ಹೆಚ್ಚಬೇಕು. ಪೀಡನವು ಸಾಂದ್ರತೆಯ 1.5ನೆಯ ಘಾತವನ್ನು ಅನುಸರಿಸುವುದರಿಂದ ಸಾಂದ್ರತೆಯು 3.5ರ ⅔ ಘಾತದಷ್ಟು, ಅಂದರೆ 2.3 ಪಟ್ಟು ಹೆಚ್ಚಬೇಕು. ಬೇಕಾದ ಸಾಂದ್ರತೆ ಘನ ಮೀಟರಿಗೆ ಸುಮಾರು 69 ಕಿಲೋಗ್ರಾಂ.

ಇನ್ನು ದಪ್ಪದ ಪ್ರಶ್ನೆ. ದಟ್ಟಣೆಯ ಹಂತವು ಸುಮಾರು 1 − 1.4r ವಿಕೃತಿಯಲ್ಲಿ ಮುಗಿಲೇರುತ್ತದೆ. ಇಲ್ಲಿ r = 69/1050 = 0.066, ವಿಕೃತಿ 0.91. ಆದರೆ ಪೀಡನವು ಅದಕ್ಕೆ ಬಹಳ ಮೊದಲೇ ಏರತೊಡಗುತ್ತದೆ. ಮುಚ್ಚಿದ ಕೋಶಗಳಲ್ಲಿ ಸೆರೆಯಾದ ಗಾಳಿಯೂ ಒತ್ತಡಕ್ಕೆ ಸಿಕ್ಕಿ ತನ್ನ ಪಾಲನ್ನು ಸೇರಿಸುತ್ತದೆ. ಈ ನೊರೆಯನ್ನು ಅರ್ಧಕ್ಕೆ ಕುಗ್ಗಿಸಿದಾಗ ಗಾಳಿಯ ಪಾಲು ಸುಮಾರು 0.12 ಮೆಗಾಪಾಸ್ಕಲ್, 70 ಶೇಕಡ ಕುಗ್ಗಿಸಿದಾಗ ಸುಮಾರು 0.3. ಆದ್ದರಿಂದ 0.7ಕ್ಕಿಂತ ಹೆಚ್ಚಿನ ವಿಕೃತಿಯನ್ನು ನೆಚ್ಚುವುದು ತರವಲ್ಲ. 25 ಮಿಲಿಮೀಟರ್ ಕುಗ್ಗಲು 25/0.7, ಅಂದರೆ ಸುಮಾರು 36 ಮಿಲಿಮೀಟರ್ ದಪ್ಪ ಬೇಕು.

ತಲೆ ದುಂಡಾಗಿರುವುದರಿಂದ ತಾಗುವ ಜಾಗವು ಮೊದಲು ಸಣ್ಣದಾಗಿದ್ದು ಅನಂತರ ಹಿಗ್ಗುತ್ತದೆ. ಆದ್ದರಿಂದ ಬಲವು ಕೊನೆಯವರೆಗೂ ಏರುತ್ತ ಹೋಗಿ, ಗರಿಷ್ಠ ಬೆಲೆಯು ಮೇಲಿನ ಸರಾಸರಿಗಿಂತ ಹೆಚ್ಚಾಗಿರುತ್ತದೆ. ಈ ಲೆಕ್ಕವು ಸಾಂದ್ರತೆಯನ್ನು ಆರಿಸಲು ಮೊದಲ ಹೆಜ್ಜೆ. ತೀರ್ಮಾನವಾಗಬೇಕಾದುದು ಬೀಳಿಸಿ ಮಾಡುವ ಪರೀಕ್ಷೆಯಿಂದ.

### ಸಾಂದ್ರತೆ ತಪ್ಪಿದರೆ

ಅದೇ ದಪ್ಪದಲ್ಲಿ 30 ಕಿಲೋಗ್ರಾಂ ಸಾಂದ್ರತೆಯ ನೊರೆಯನ್ನು ಹಾಕಿದರೆ ಬಲವು 1400 ನ್ಯೂಟನ್ ಮಾತ್ರ. 25 ಮಿಲಿಮೀಟರ್ ಕುಗ್ಗುವಷ್ಟರಲ್ಲಿ ಅದು ನುಂಗುವುದು 35 ಜೂಲ್. ಉಳಿದ 87.5 ಜೂಲ್ ಶಕ್ತಿಯೊಡನೆ ತಲೆಯು, ಆಗಲೇ ದಟ್ಟವಾಗಿ ಗಟ್ಟಿಯಾಗಿರುವ ನೊರೆಗೆ ಬಡಿಯುತ್ತದೆ. ಕೈಯಿಂದ ಒತ್ತಿದಾಗ ಹಿತವೆನಿಸುವ ಮೆದು ನೊರೆಯೇ ನಿಜವಾದ ಪೆಟ್ಟಿನಲ್ಲಿ ಅಪಾಯಕಾರಿಯಾಗುವುದು ಹೀಗೆ.

140 ಕಿಲೋಗ್ರಾಂ ಸಾಂದ್ರತೆಯ ನೊರೆಯನ್ನು ಹಾಕಿದರೆ ಸಮತಟ್ಟು ಪೀಡನವು ಸುಮಾರು 2 ಮೆಗಾಪಾಸ್ಕಲಿಗೆ ಏರುತ್ತದೆ. ಬಲವು 14,000 ನ್ಯೂಟನ್ ಮುಟ್ಟಿ, ತಲೆಯು 9 ಮಿಲಿಮೀಟರಿನೊಳಗೇ ನಿಲ್ಲುತ್ತದೆ. ವೇಗ ಕುಂದುವ ದರ ಗುರುತ್ವದ 280 ಪಟ್ಟಿಗೂ ಹೆಚ್ಚು. ನೊರೆಯ ಮುಕ್ಕಾಲು ದಪ್ಪವು ಬಳಕೆಯಾಗದೆ ಉಳಿಯುತ್ತದೆ. ಪರೀಕ್ಷೆಯ ಬಳಿಕ ನೊರೆಯನ್ನು ಕೊಯ್ದು ನೋಡಿದರೆ ತಪ್ಪು ಯಾವ ಕಡೆಗಿದೆ ಎಂದು ತಿಳಿಯುತ್ತದೆ: ಪೂರ್ತಿ ಹಪ್ಪಳದಂತೆ ಚಪ್ಪಟೆಯಾಗಿದ್ದರೆ ಸಾಂದ್ರತೆ ಸಾಲದು, ತೆಳ್ಳನೆಯ ತಗ್ಗು ಮಾತ್ರ ಬಿದ್ದಿದ್ದು ಬಲಮಾಪಕವು ಹೆಚ್ಚಿನ ಅಂಕಿ ತೋರಿದ್ದರೆ ಸಾಂದ್ರತೆ ಅತಿಯಾಗಿದೆ.

ಪಾಲಿಸ್ಟೈರೀನ್ ನೊರೆಯ ಗೋಡೆಗಳು ಒಮ್ಮೆ ಮುದುಡಿದರೆ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಸಮತಟ್ಟು ಹಂತವು ಒಂದೇ ಬಾರಿ ಬಳಸಬಹುದಾದ ದೂರ. ಹೊರಚಿಪ್ಪಿನ ಮೇಲೆ ಗೀರು ಮಾತ್ರ ಕಂಡರೂ ಅಪಘಾತವಾದ ಹೆಲ್ಮೆಟ್ಟನ್ನು ಬದಲಾಯಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ.

## ಅಳತೆಯಲ್ಲಿ ಆಗುವ ತಪ್ಪುಗಳು

ಬೇರೆ ಬೇರೆ ಸಾಂದ್ರತೆಯ ಮಾದರಿಗಳನ್ನು ಅದುಮಿ, ಪೆಡಸುತನ ಮತ್ತು ಸಾಂದ್ರತೆಗಳ ಲಾಗರಿದಮ್‌ಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಬಿಂದುಗಳು ಒಂದು ಸರಳರೇಖೆಯಲ್ಲಿ ನಿಲ್ಲಬೇಕು. ಆ ರೇಖೆಯ ಓಟವೇ ಘಾತ. ಅದು 2ರ ಸಮೀಪವಿದ್ದರೆ ಕಡ್ಡಿಗಳು ಬಾಗುತ್ತಿವೆ ಎಂದೂ, 1ರ ಸಮೀಪವಿದ್ದರೆ ಪೊರೆಗಳು ಅಥವಾ ಕಡ್ಡಿಗಳು ಉದ್ದಕ್ಕೆ ಭಾರ ಹೊರುತ್ತಿವೆ ಎಂದೂ ತಿಳಿಯಬಹುದು.

ಈ ಪ್ರಯೋಗದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಮೊದಲನೆಯದು, ಮಾದರಿಯನ್ನು ಕೊಯ್ಯುವಾಗ ಹೊರಮೈಯ ಕೋಶಗಳು ತುಂಡಾಗಿ ಸಡಿಲಗೊಳ್ಳುತ್ತವೆ. ಮಾದರಿಯ ಅಗಲದಲ್ಲಿ ಏಳೆಂಟು ಕೋಶಗಳಾದರೂ ಇಲ್ಲದಿದ್ದರೆ ಈ ಸಡಿಲ ಪದರವೇ ಮೇಲುಗೈಯಾಗಿ, ನೊರೆಯು ಇರುವುದಕ್ಕಿಂತ ಮೆದುವಾಗಿ ಕಾಣುತ್ತದೆ. ಎರಡನೆಯದು, ಯಂತ್ರದ ಫಲಕವು ಮಾದರಿಯ ಒರಟು ಮೈಗೆ ಸರಿಯಾಗಿ ಕೂರುವವರೆಗೆ ರೇಖೆಯ ಆರಂಭವು ಓರೆಯಾಗಿ ಮೆಲ್ಲನೆ ಏರುತ್ತದೆ; ಅದರ ಓಟವನ್ನೇ ಪೆಡಸುತನವೆಂದು ಎಣಿಸಿದರೆ ಉತ್ತರ ತಪ್ಪುತ್ತದೆ. ಇದನ್ನು ತಪ್ಪಿಸಲು ಸ್ವಲ್ಪ ಅದುಮಿದ ಮೇಲೆ ಬಲವನ್ನು ಇಳಿಸಿ, ಇಳಿಕೆಯ ರೇಖೆಯ ಓಟವನ್ನು ಅಳೆಯುವ ಪದ್ಧತಿಯಿದೆ.

ಮಣಿಗಳನ್ನು ಉಬ್ಬಿಸಿ ಅಂಟಿಸಿದ ಥರ್ಮಾಕೋಲಿನಲ್ಲಿ ಮಣಿಗಳ ಬೆಸುಗೆ ಸರಿಯಿಲ್ಲದಿದ್ದರೆ, ಸಾಂದ್ರತೆ ಸರಿಯಿದ್ದರೂ ಹಾಳೆಯು ಎಳೆತಕ್ಕೆ ಅಥವಾ ಬಾಗುವಿಕೆಗೆ ಸಿಕ್ಕಾಗ ಮಣಿಗಳ ನಡುವೆಯೇ ಬಿರಿಯುತ್ತದೆ. ಮುರಿದ ಮೈಯಲ್ಲಿ ಇಡೀ ಮಣಿಗಳು ದುಂಡಗೆ ಎದ್ದು ಕಂಡರೆ ಬೆಸುಗೆ ಸೋತಿದೆ ಎಂದರ್ಥ. ಮಣಿಗಳೇ ಸೀಳಿಹೋಗಿದ್ದರೆ ಬೆಸುಗೆ ಸರಿಯಾಗಿದೆ. ಈ ದೋಷವು ತೂಕದಿಂದ ತಿಳಿಯುವಂತಹುದಲ್ಲ, ಏಕೆಂದರೆ ಸಾಂದ್ರತೆಯ ನಿಯಮಗಳು ಕೋಶಗಳೆಲ್ಲ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡಿವೆ ಎಂಬ ಎಣಿಕೆಯ ಮೇಲೆಯೇ ನಿಂತಿವೆ.